ಗಳ ಎಲ್ಲಿ ಮುರಿಯುತ್ತದೆ?

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಎಂದೊಡನೆ ಎಲ್ಲರಿಗೂ ಮಾರಮ್ಮನ ಜಾತ್ರೆ ನೆನಪಾಗುತ್ತದೆ. ಆದರೆ ನಾವೀಗ ಜಾತ್ರೆಗೆ ಹೋಗುವುದು ಬೇಡ, ಆ ಸೀಮೆಯ ಒಂದು ಶೇಂಗಾ ಕಣಕ್ಕೆ ಹೋಗೋಣ. ಮಳೆಯನ್ನೇ ನೆಚ್ಚಿದ ಹೊಲಗಳಲ್ಲಿ ಶೇಂಗಾ ಕಿತ್ತು, ಒಣಗಿಸಿ, ಕಾಯಿ ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ತೂಕ ಮಾಡಬೇಕಲ್ಲವೇ? ಈಗ ಹೆಚ್ಚಿನ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಅದಿಲ್ಲದ ಕಡೆ ದೊಡ್ಡ ತಕ್ಕಡಿಯನ್ನು ಎಲ್ಲಾದರೂ ತೂಗುಹಾಕಲೇಬೇಕು. ಹತ್ತಿರ ಮರವಿದ್ದರೆ ಕೊಂಬೆಗೆ ಕಟ್ಟುತ್ತಾರೆ. ಮರವಿಲ್ಲದಿದ್ದರೆ ಎರಡು ಕವೆಗೂಟಗಳನ್ನು ನೆಟ್ಟು, ಅವುಗಳ ಮೇಲೆ ಒಂದು ಗಳ ಇಟ್ಟು, ಆ ಗಳಕ್ಕೆ ತಕ್ಕಡಿ ಕಟ್ಟಬಹುದು.

ಅಂಥ ಒಂದು ಗಳವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ಕವೆಗಳ ನಡುವಿನ ದೂರ ಸರಿಯಾಗಿ 4 ಮೀಟರ್. ಗಳ ಗಟ್ಟಿಯಾಗಿದೆ, ಆದರೆ ಒಂದು ದೋಷವಿದೆ. ಬಲಗಡೆಯ ಕವೆಯಿಂದ 1 ಮೀಟರ್ ಒಳಗೆ, ಗಳದ ಕೆಳಬದಿಯಲ್ಲಿ, ಯಾರೋ ಮಚ್ಚಿನಿಂದ ಹೊಡೆದ ಒಂದು ಅಡ್ಡ ಕಚ್ಚು ಇದೆ. ಬೇರೆ ಗಳ ಸಿಗುವ ಹಾಗಿಲ್ಲ. ತಕ್ಕಡಿಯನ್ನು ಎಲ್ಲಿ ಕಟ್ಟಬೇಕು?

"ನಡುಮಧ್ಯೆ ಕಟ್ಟಿರಿ, ಆಗ ಎರಡೂ ಕವೆಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ, ಅದೇ ಕ್ಷೇಮ" ಎಂದು ನಿಮ್ಮಲ್ಲಿ ಅನೇಕರು ಹೇಳುವಿರಿ. ಕವೆಗಳ ಮಟ್ಟಿಗೆ ಈ ಮಾತು ಸರಿ. ಗಳದ ಮಟ್ಟಿಗೆ ಇದು ತಪ್ಪು. ಏಕೆ ತಪ್ಪು ಎಂಬುದನ್ನು ತಿಳಿಯಲು ಎಂಜಿನಿಯರುಗಳು ಎರಡು ಚಿತ್ರಗಳನ್ನು ಬರೆಯುತ್ತಾರೆ. ಅವನ್ನು ಬರೆಯಲು ಬೇಕಾದ ಲೆಕ್ಕವೆಂದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಅಷ್ಟೇ. ಚೌಕುಳಿ ಪುಸ್ತಕ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ.

ಕವೆಗಳು ಎಷ್ಟು ಹೊರುತ್ತವೆ?

ಮೊದಲು ಗಳದ ಮೇಲಿನ ಭಾರ ಎಷ್ಟೆಂದು ಸರಿಯಾಗಿ ತಿಳಿಯಬೇಕು. ಚೀಲದಲ್ಲಿ 28 ಕಿಲೋಗ್ರಾಂ ಶೇಂಗಾ ಇದೆ ಎನ್ನೋಣ. ಹಾಗಾದರೆ ಗಳದ ಮೇಲಿನ ಭಾರ 28 ಕಿಲೋ ಎಂದು ಬರೆದುಬಿಡಬೇಡಿ! ತಕ್ಕಡಿ ಸಮನಾಗಿ ನಿಂತಾಗ ಎದುರಿನ ತಟ್ಟೆಯಲ್ಲಿ 28 ಕಿಲೋ ತೂಕದ ಕಲ್ಲುಗಳೂ ಇರುತ್ತವೆ. ತಕ್ಕಡಿಯ ದಂಡಿ, ಸರಪಳಿ, ತಟ್ಟೆಗಳೆಲ್ಲ ಸೇರಿ 4 ಕಿಲೋ. ಒಟ್ಟು 60 ಕಿಲೋ. ಇಷ್ಟೂ ಭಾರ ಒಂದೇ ಹಗ್ಗದ ಗಂಟಿನ ಮೂಲಕ ಗಳದ ಒಂದೇ ಜಾಗದ ಮೇಲೆ ಬೀಳುತ್ತದೆ. ಹೀಗೆ ಒಂದೇ ಬಿಂದುವಿನಲ್ಲಿ ಬೀಳುವ ಭಾರಕ್ಕೆ ಬಿಂದು ಭಾರ ಎಂದು ಹೆಸರು.

ಬಲವನ್ನು ನ್ಯೂಟನ್‌ನಲ್ಲಿ ಅಳೆಯಬೇಕು ಎಂದು ನಿಮ್ಮ ಪಾಠದಲ್ಲಿದೆ. ಅದು ನಿಜ, 60 ಕಿಲೋ ವಸ್ತುವಿನ ತೂಕ ಸುಮಾರು 588 ನ್ಯೂಟನ್. ಆದರೆ ಇಲ್ಲಿ ಲೆಕ್ಕ ಸುಲಭವಾಗಲೆಂದು "ಕಿಲೋ ತೂಕ" ಎಂದೇ ಹೇಳುತ್ತ ಹೋಗೋಣ. ಕೊನೆಯಲ್ಲಿ ಬೇಕಿದ್ದರೆ 9.8ರಿಂದ ಗುಣಿಸಿಕೊಳ್ಳಿ.

ತಕ್ಕಡಿಯನ್ನು ಎಡಗವೆಯಿಂದ 1 ಮೀಟರ್ ದೂರದಲ್ಲಿ ಕಟ್ಟಿದೆವು. ಆಗ ಬಲಗವೆಗೆ ಅದು 3 ಮೀಟರ್ ದೂರ. ಎಡಗವೆ ಎಷ್ಟು ಹೊರುತ್ತದೆ, ಬಲಗವೆ ಎಷ್ಟು ಹೊರುತ್ತದೆ? ಏತವನ್ನೋ ಏರಿಳಿ ಹಲಗೆಯನ್ನೋ ನೆನಪಿಸಿಕೊಳ್ಳಿ. ಅಲ್ಲಿ ಮುಖ್ಯವಾದದ್ದು ಬಲ ಮಾತ್ರವಲ್ಲ, ಬಲವನ್ನು ದೂರದಿಂದ ಗುಣಿಸಿದ ಮೊತ್ತ. ಎಡಗವೆಯನ್ನು ಆಧಾರವೆಂದು ಭಾವಿಸಿ. ಅದರ ಸುತ್ತ ಗಳವನ್ನು ಕೆಳಕ್ಕೆ ತಿರುಗಿಸಲು ಹೊರಟಿರುವ ಭಾರ 60 ಕಿಲೋ, ದೂರ 1 ಮೀಟರ್, ಗುಣಿಸಿದರೆ 60. ಅದನ್ನು ತಡೆದು ಮೇಲಕ್ಕೆ ಎತ್ತಿರುವುದು ಬಲಗವೆ, ಅದರ ದೂರ 4 ಮೀಟರ್. 4ನ್ನು ಎಷ್ಟರಿಂದ ಗುಣಿಸಿದರೆ 60 ಬರುತ್ತದೆ? 15ರಿಂದ. ಆದ್ದರಿಂದ ಬಲಗವೆ ಹೊರುವುದು 15 ಕಿಲೋ, ಉಳಿದ 45 ಕಿಲೋ ಎಡಗವೆಯ ಪಾಲು. ಭಾರಕ್ಕೆ ಹತ್ತಿರವಿದ್ದವನಿಗೆ ಹೆಚ್ಚು ಪಾಲು ಎಂಬುದು ಗಳಕ್ಕೆ ಹೆಗಲು ಕೊಟ್ಟವರೆಲ್ಲರಿಗೂ ಗೊತ್ತಿರುವ ಸಂಗತಿಯೇ.

ಇದನ್ನು ನಂಬಬೇಡಿ, ಮಾಡಿ ನೋಡಿ. ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿ ಸ್ಪ್ರಿಂಗ್ ತಕ್ಕಡಿಗಳು ಎರಡಿದ್ದರೆ ಸಾಕು. ಒಂದು ಮೀಟರ್ ಉದ್ದದ ಮರದ ಅಳತೆಪಟ್ಟಿಯನ್ನು ಎರಡು ತುದಿಗಳಲ್ಲಿ ದಾರದಿಂದ ಆ ತಕ್ಕಡಿಗಳಿಗೆ ನೇತುಹಾಕಿ. ಪಟ್ಟಿ ನೆಲಕ್ಕೆ ಸಮನಾಗಿರಲಿ. ಪಟ್ಟಿಗೂ ತೂಕವಿದೆಯಾದ್ದರಿಂದ ತಕ್ಕಡಿಗಳು ಆಗಲೇ ಏನೋ ಒಂದಷ್ಟು ತೋರಿಸುತ್ತವೆ, ಅದನ್ನು ಬರೆದಿಟ್ಟುಕೊಳ್ಳಿ. ಈಗ 600 ಗ್ರಾಂ ತೂಕವನ್ನು 25 ಸೆಂಟಿಮೀಟರ್ ಗುರುತಿನಲ್ಲಿ ದಾರದಿಂದ ಇಳಿಬಿಡಿ. ಹೊಸದಾಗಿ ತೋರಿದ ಅಂಕಿಯಿಂದ ಮೊದಲಿನದನ್ನು ಕಳೆಯಿರಿ. ಎಡಗಡೆ ಸುಮಾರು 450, ಬಲಗಡೆ ಸುಮಾರು 150 ಗ್ರಾಂ ಬರಬೇಕು. ಹತ್ತಿಪ್ಪತ್ತು ಗ್ರಾಂ ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ. ಎರಡನ್ನೂ ಕೂಡಿದಾಗ 600ರ ಹತ್ತಿರಕ್ಕೂ ಬರದಿದ್ದರೆ ದಾರಗಳು ಓರೆಯಾಗಿವೆಯೇ ಎಂದು ನೋಡಿ. ನಮ್ಮ ಕವೆಗಳಿಗೂ ಗಳದ ಸ್ವಂತ ತೂಕದಲ್ಲಿ ಅರ್ಧರ್ಧ ಸೇರುತ್ತದೆ. ಗಳ ಹಗುರವೆಂದುಕೊಂಡು ಅದನ್ನು ಇಲ್ಲಿ ಬಿಟ್ಟಿದ್ದೇವೆ.

ಒಂದು ಮಾತು ಮರೆಯುವ ಮುನ್ನ ಹೇಳಿಬಿಡುತ್ತೇನೆ. ಕವೆ ಗಳವನ್ನು ಕೆಳಗಿನಿಂದ ಮಾತ್ರ ಹೊರುತ್ತದೆ, ಬಿಗಿಯಾಗಿ ಹಿಡಿಯುವುದಿಲ್ಲ. ಗಳ ಬಾಗಿದಾಗ ಅದರ ತುದಿ ಕವೆಯ ಮೇಲೆ ಸ್ವಲ್ಪ ಓರೆಯಾಗಲು ಸ್ವತಂತ್ರವಾಗಿರುತ್ತದೆ. ಇಂಥ ಆಸರೆಯನ್ನು ಸರಳ ಆಸರೆ ಎನ್ನುತ್ತಾರೆ. ನಾವು ಮುಂದೆ ಮಾಡುವ ಲೆಕ್ಕವೆಲ್ಲ ಸರಳ ಆಸರೆಗೆ ಮಾತ್ರ.

ಗಳವನ್ನು ಮನಸ್ಸಿನಲ್ಲಿ ಕತ್ತರಿಸಿ

ಕವೆಗಳ ವಿಚಾರ ಮುಗಿಯಿತು. ಗಳದ ಒಳಗೆ ಏನು ನಡೆಯುತ್ತಿದೆ? ಒಳಗೆ ಕಣ್ಣು ಹಾಯುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ಗಳವನ್ನು ಬೇಕಾದ ಜಾಗದಲ್ಲಿ ಗರಗಸದಿಂದ ಕತ್ತರಿಸಿದಂತೆ ಕಲ್ಪಿಸಿಕೊಂಡು, ಕತ್ತರಿಸಿದ ತುಂಡು ಬೀಳದಂತೆ ಏನೇನು ಬೇಕು ಎಂದು ಕೇಳುವುದು.

ಎಡಗವೆಯಿಂದ ಅರ್ಧ ಮೀಟರ್ ದೂರದಲ್ಲಿ ಕತ್ತರಿಸಿ. ಬಲಗಡೆಯ ದೊಡ್ಡ ಭಾಗವನ್ನು ಕೈಯಿಂದ ಮುಚ್ಚಿಬಿಡಿ. ಉಳಿದ ಚಿಕ್ಕ ತುಂಡನ್ನು ನೋಡಿ. ಅದರ ಮೇಲಿರುವ ಬಲ ಒಂದೇ, ಎಡಗವೆ ಮೇಲಕ್ಕೆ ಒತ್ತುವ 45 ಕಿಲೋ. ಬೇರೇನೂ ಇಲ್ಲದಿದ್ದರೆ ಆ ತುಂಡು ಮೇಲಕ್ಕೆ ಹಾರಿಹೋಗಬೇಕಿತ್ತು. ಹಾರುತ್ತಿಲ್ಲವೆಂದರೆ, ಮುಚ್ಚಿರುವ ಭಾಗ ಕತ್ತರಿಸಿದ ಮುಖದಲ್ಲಿ ಅದನ್ನು 45 ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತಿದೆ ಎಂದೇ ಅರ್ಥ. ಒಂದು ಮುಖ ಮೇಲಕ್ಕೆ, ಅದಕ್ಕೆ ತಾಗಿಕೊಂಡಿರುವ ಇನ್ನೊಂದು ಮುಖ ಕೆಳಕ್ಕೆ ಜಾರಲು ನೋಡುತ್ತವೆ, ಕತ್ತರಿಯ ಎರಡು ಅಲಗುಗಳ ಹಾಗೆ. ಈ ಬಲಕ್ಕೆ ಶಿಯರ್ ಬಲ ಎನ್ನುತ್ತಾರೆ. ಕತ್ತರಿ ಬಲ ಎಂದರೂ ತಪ್ಪಲ್ಲ.

ಇಷ್ಟರಿಂದಲೇ ತುಂಡು ಸುಮ್ಮನಿರುವುದೇ? ಇಲ್ಲ. ಎಡತುದಿಯಲ್ಲಿ 45 ಮೇಲಕ್ಕೆ, ಅರ್ಧ ಮೀಟರ್ ಆಚೆ 45 ಕೆಳಕ್ಕೆ. ಬಲಗಳು ಸಮವಾದರೂ ಎರಡೂ ಸೇರಿ ತುಂಡನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸುತ್ತವೆ. ಹಗ್ಗದ ಎರಡು ತುದಿ ಎಳೆದು ಕಡೆಗೋಲು ತಿರುಗಿಸುವುದನ್ನು ನೋಡಿದ್ದೀರಲ್ಲ, ಅದೇ ರೀತಿ. ಹಾಗೆ ತಿರುಗದಂತೆ ಮುಚ್ಚಿರುವ ಭಾಗ ಎದುರು ದಿಕ್ಕಿಗೆ ತಿರುವಿ ಹಿಡಿಯಬೇಕು. ಎಷ್ಟು ತಿರುವು? 45ನ್ನು ಅರ್ಧ ಮೀಟರಿನಿಂದ ಗುಣಿಸಿ: 22.5 ಕಿಲೋ-ಮೀಟರ್. ರಸ್ತೆಯ ಕಿಲೋಮೀಟರಿಗೂ ಇದಕ್ಕೂ ಸಂಬಂಧವಿಲ್ಲ! ಇದು ಕಿಲೋ ತೂಕವನ್ನು ಮೀಟರಿನಿಂದ ಗುಣಿಸಿದ್ದು. ಈ ಹಿಡಿತಕ್ಕೆ ಬೆಂಡಿಂಗ್ ಮೊಮೆಂಟ್ ಎಂದು ಹೆಸರು. ಗಳವನ್ನು ಆ ಜಾಗದಲ್ಲಿ ಬಾಗಿಸುವ ಪರಿಣಾಮದ ಅಳತೆ ಅದು.

ಮರದ ಒಂದು ಮುಖ ಇನ್ನೊಂದು ಮುಖವನ್ನು ತಿರುವಿ ಹಿಡಿಯುವುದು ಹೇಗೆ? ಹಳೆಯ ಹವಾಯಿ ಚಪ್ಪಲಿಯೊಂದನ್ನು ತೆಗೆದುಕೊಳ್ಳಿ. ಅದರ ಪಕ್ಕದ ದಪ್ಪದ ಮೇಲೆ ಪೆನ್ನಿನಿಂದ ಒಂದೊಂದು ಸೆಂಟಿಮೀಟರಿಗೆ ನೆಟ್ಟಗೆ ಗೆರೆಗಳನ್ನು ಎಳೆಯಿರಿ. ಎರಡು ತುದಿ ಹಿಡಿದು, ನಡುಭಾಗ ಕೆಳಗೆ ಬರುವಂತೆ ಬಾಗಿಸಿ. ಗೆರೆಗಳು ಮೇಲ್ಗಡೆ ಹತ್ತಿರ ಬರುತ್ತವೆ, ಕೆಳಗಡೆ ದೂರ ಸರಿಯುತ್ತವೆ. ಅಂದರೆ ಮೇಲಿನ ಪದರ ಒತ್ತಿಕೊಳ್ಳುತ್ತದೆ, ಕೆಳಗಿನ ಪದರ ಎಳೆದುಕೊಳ್ಳುತ್ತದೆ. ಗಳದಲ್ಲೂ ಮೇಲಿನ ನಾರುಗಳು ಒಂದನ್ನೊಂದು ತಳ್ಳುತ್ತವೆ, ಕೆಳಗಿನ ನಾರುಗಳು ಒಂದನ್ನೊಂದು ಎಳೆಯುತ್ತವೆ. ಈ ತಳ್ಳು ಮತ್ತು ಎಳೆತಗಳ ಜೋಡಿಯೇ ಆ ತಿರುವು.

ಗಳ ತೆಳ್ಳಗಿರುವುದರಿಂದ ಈ ಜೋಡಿಗೆ ಸಿಗುವ ಅಂತರ ಬಹಳ ಕಡಿಮೆ. ಅಂತರ 5 ಸೆಂಟಿಮೀಟರ್, ಅಂದರೆ 0.05 ಮೀಟರ್ ಎಂದು ಇಟ್ಟುಕೊಳ್ಳಿ. 45 ಕಿಲೋ-ಮೀಟರ್ ಮೊಮೆಂಟ್ ಇರುವ ಜಾಗದಲ್ಲಿ ಎಳೆತ ಎಷ್ಟಾಗುತ್ತದೆ? 45ನ್ನು 0.05ರಿಂದ ಭಾಗಿಸಿದರೆ 900 ಕಿಲೋ! ಮೇಲೆ ಕಟ್ಟಿದ್ದು 60 ಕಿಲೋ, ಕೆಳಗಿನ ನಾರುಗಳು ತಡೆಯಬೇಕಾದದ್ದು 900 ಕಿಲೋ ಎಳೆತ. ಗಳಗಳು ಮುರಿಯುವಾಗ ಸಾಮಾನ್ಯವಾಗಿ ಬಾಗಿಯೇ ಏಕೆ ಮುರಿಯುತ್ತವೆ ಎಂಬುದಕ್ಕೆ ಇದೇ ಕಾರಣ. ಕೆಳಬದಿಯ ಮಚ್ಚಿನ ಕಚ್ಚು ಏಕೆ ಅಪಾಯ ಎಂಬುದಕ್ಕೂ ಇದೇ ಕಾರಣ: ಎಳೆಯಬೇಕಾದ ನಾರುಗಳೇ ಅಲ್ಲಿ ಕಡಿದುಹೋಗಿವೆ.

ಮೊದಲನೆಯ ಚಿತ್ರ

ಈಗ ಪೆನ್ಸಿಲ್ ಹಿಡಿಯಿರಿ. ಹಾಳೆಯ ಮೇಲ್ಭಾಗದಲ್ಲಿ ಗಳದ ಚಿತ್ರ ಬರೆಯಿರಿ, 1 ಮೀಟರಿಗೆ ನಾಲ್ಕು ಚೌಕದಂತೆ ಹದಿನಾರು ಚೌಕ ಉದ್ದ. ಎಡಗವೆಯಿಂದ ನಾಲ್ಕನೆಯ ಚೌಕದಲ್ಲಿ 60 ಕಿಲೋ ಎಂದು ಕೆಳಮುಖ ಬಾಣ. ಎಡಗವೆಯಲ್ಲಿ 45, ಬಲಗವೆಯಲ್ಲಿ 15 ಎಂದು ಮೇಲ್ಮುಖ ಬಾಣಗಳು.

ಅದರ ಕೆಳಗೆ ಅಷ್ಟೇ ಉದ್ದದ ಒಂದು ಅಡ್ಡಗೆರೆ ಎಳೆಯಿರಿ. ಇದು ಸೊನ್ನೆಯ ಗೆರೆ. ಎಡತುದಿಯಲ್ಲಿ ನಿಲ್ಲಿ. ಕವೆ ಮೇಲಕ್ಕೆ 45 ಒತ್ತುತ್ತದೆ, ಆದ್ದರಿಂದ ಪೆನ್ಸಿಲನ್ನು ನೇರ ಮೇಲಕ್ಕೆ 45ರಷ್ಟು ಏರಿಸಿ. 15 ಕಿಲೋಗೆ ಒಂದು ಚೌಕವೆಂದರೆ ಮೂರು ಚೌಕ. ಅಲ್ಲಿಂದ ಬಲಕ್ಕೆ ನಡೆಯಿರಿ. ದಾರಿಯಲ್ಲಿ ಹೊಸ ಬಲ ಯಾವುದೂ ಇಲ್ಲ, ಆದ್ದರಿಂದ ಗೆರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಕ್ಕಡಿಯ ಹಗ್ಗ ಬಂತು. ಅಲ್ಲಿ 60 ಕೆಳಕ್ಕೆ. ಪೆನ್ಸಿಲನ್ನು ನಾಲ್ಕು ಚೌಕ ಕೆಳಗಿಳಿಸಿ. 45ರಲ್ಲಿ 60 ಕಳೆದರೆ ಸೊನ್ನೆಗಿಂತ 15 ಕಡಿಮೆ. ಅಂದರೆ ಸೊನ್ನೆಯ ಗೆರೆ ದಾಟಿ ಒಂದು ಚೌಕ ಕೆಳಗೆ. ಮತ್ತೆ ನೆಟ್ಟಗೆ ಬಲಕ್ಕೆ ನಡೆಯಿರಿ. ಬಲಗವೆ 15 ಮೇಲಕ್ಕೆ ಒತ್ತುತ್ತದೆ, ಗೆರೆ ಸೊನ್ನೆಗೆ ಬಂದು ಸೇರುತ್ತದೆ. ಇದೇ ಶಿಯರ್ ಬಲದ ಚಿತ್ರ. ಎರಡು ಆಯತಗಳು, ಒಂದು ಗಿಡ್ಡಗಲದ್ದು ಆದರೆ ಎತ್ತರ, ಇನ್ನೊಂದು ಉದ್ದನೆಯದು ಆದರೆ ತೆಳ್ಳಗೆ.

ಕೊನೆಯಲ್ಲಿ ಗೆರೆ ಸೊನ್ನೆಗೆ ಬರದಿದ್ದರೆ ಕವೆಗಳ ಲೆಕ್ಕದಲ್ಲೇ ಎಲ್ಲೋ ತಪ್ಪಾಗಿದೆ. ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳಿ.

ಎರಡನೆಯ ಚಿತ್ರ

ಇನ್ನೊಂದು ಸೊನ್ನೆಯ ಗೆರೆಯನ್ನು ಇನ್ನೂ ಕೆಳಗೆ ಎಳೆಯಿರಿ. ಈಗ ಬೆಂಡಿಂಗ್ ಮೊಮೆಂಟನ್ನು ಗುರುತಿಸಬೇಕು. ಎಡಗವೆಯ ಮೇಲೆಯೇ ದೂರ ಸೊನ್ನೆ, ಆದ್ದರಿಂದ ಮೊಮೆಂಟೂ ಸೊನ್ನೆ. ಅರ್ಧ ಮೀಟರಿನಲ್ಲಿ 22.5 ಎಂದು ಆಗಲೇ ಕಂಡೆವು. 1 ಮೀಟರಿನಲ್ಲಿ, ಹಗ್ಗದ ಗಂಟಿನ ಕೆಳಗೆ, 45ನ್ನು 1ರಿಂದ ಗುಣಿಸಿದರೆ 45.

ಮುಂದೆ 2 ಮೀಟರಿನಲ್ಲಿ ಕತ್ತರಿಸಿದರೆ? ಇಲ್ಲಿ ಹಲವರು ಎಡವುತ್ತಾರೆ. 45ನ್ನು 2ರಿಂದ ಗುಣಿಸಿ 90 ಎಂದು ಬರೆದುಬಿಡುತ್ತಾರೆ. ಎಡತುಂಡಿನ ಮೇಲೆ ಈಗ ತಕ್ಕಡಿಯೂ ಇದೆ ಎಂಬುದನ್ನು ಮರೆಯಬಾರದು. ಅದು ಕತ್ತರಿಸಿದ ಜಾಗದಿಂದ 1 ಮೀಟರ್ ಹಿಂದಿದೆ, ಕೆಳಕ್ಕೆ ಎಳೆಯುತ್ತಿದೆ. ಆದ್ದರಿಂದ 90ರಲ್ಲಿ 60 ಕಳೆಯಬೇಕು, ಉಳಿಯುವುದು 30. ಹಾಗೆಯೇ 3 ಮೀಟರಿನಲ್ಲಿ 135ರಲ್ಲಿ 120 ಕಳೆದು 15. ಬಲಗವೆಯಲ್ಲಿ 180ರಲ್ಲಿ 180 ಕಳೆದು ಸೊನ್ನೆ.

ಇದೇ ಲೆಕ್ಕವನ್ನು ಬಲಗಡೆಯಿಂದಲೂ ಮಾಡಬಹುದು. 3 ಮೀಟರಿನ ಜಾಗದ ಬಲಕ್ಕೆ ಇರುವುದು ಬಲಗವೆ ಮಾತ್ರ, 15 ಕಿಲೋ, 1 ಮೀಟರ್ ದೂರ. ಗುಣಿಸಿದರೆ 15. ಯಾವ ಕಡೆಯಿಂದ ಬಂದರೂ ಉತ್ತರ ಒಂದೇ. ಬಾರದಿದ್ದರೆ ತಪ್ಪು ಎಲ್ಲೋ ಇದೆ.

ಈ ಬಿಂದುಗಳನ್ನು ಪಟ್ಟಿಯಿಟ್ಟು ಸೇರಿಸಿ. ಒಂದು ತ್ರಿಭುಜ ಸಿಗುತ್ತದೆ. ಅದರ ಶಿಖರ ಗಳದ ನಡುವೆ ಇಲ್ಲ, ಹಗ್ಗದ ಗಂಟಿನ ನೇರಕ್ಕೆ ಇದೆ. ಎಡಗಡೆಯ ಏರು ಕಡಿದು, ಬಲಗಡೆಯ ಇಳಿಜಾರು ನಿಧಾನ. ಈಗ ಮೇಲಿನ ಶಿಯರ್ ಚಿತ್ರವನ್ನೂ ಇದನ್ನೂ ಒಟ್ಟಿಗೆ ನೋಡಿ. ಮೇಲೆ 45 ಇರುವ ಕಡೆ ಕೆಳಗಿನ ಗೆರೆ ಮೀಟರಿಗೆ 45ರಂತೆ ಏರುತ್ತದೆ. ಮೇಲೆ ಸೊನ್ನೆಗಿಂತ 15 ಕಡಿಮೆ ಇರುವ ಕಡೆ ಕೆಳಗಿನ ಗೆರೆ ಮೀಟರಿಗೆ 15ರಂತೆ ಇಳಿಯುತ್ತದೆ. ಶಿಯರ್ ಸೊನ್ನೆಯ ಗೆರೆಯನ್ನು ದಾಟುವ ಜಾಗದಲ್ಲೇ ಮೊಮೆಂಟಿನ ಶಿಖರ. ಎರಡು ಆಯತಗಳ ವಿಸ್ತೀರ್ಣವನ್ನೂ ಲೆಕ್ಕ ಹಾಕಿ: 45 ಗುಣಿಸು 1, ಮತ್ತು 15 ಗುಣಿಸು 3. ಎರಡೂ 45! ಏರಿದಷ್ಟೇ ಇಳಿದರೆ ತಾನೇ ತ್ರಿಭುಜ ಮತ್ತೆ ಸೊನ್ನೆಗೆ ಬರುವುದು?

ಈ ಎರಡನೆಯ ಚಿತ್ರವನ್ನು ನೋಡಿ "ಗಳ ಹೀಗೆಯೇ ಬಾಗುತ್ತದೆ" ಎಂದುಕೊಳ್ಳುವವರಿದ್ದಾರೆ. ಅದು ಬಾಗಿದ ಗಳದ ಆಕಾರವಲ್ಲ. ಗಳದಲ್ಲಿ ಹಗ್ಗದ ಕೆಳಗೆ ಮೊನೆ ಏಳುವುದಿಲ್ಲ, ಅದು ನುಣುಪಾದ ಬಿಲ್ಲಿನಂತೆ ಬಾಗುತ್ತದೆ. ಇನ್ನೊಂದು ಸೋಜಿಗವಿದೆ. ಉದ್ದಕ್ಕೂ ಒಂದೇ ದಪ್ಪದ ಗಳವಾದರೆ, ಅದು ಎಲ್ಲಕ್ಕಿಂತ ಹೆಚ್ಚು ಜಗ್ಗುವುದು ತಕ್ಕಡಿಯ ಕೆಳಗಲ್ಲ, ಎಡಗವೆಯಿಂದ ಸುಮಾರು 1.76 ಮೀಟರ್ ದೂರದಲ್ಲಿ, ಹೆಚ್ಚು ಕಡಿಮೆ ನಡುವಿನ ಹತ್ತಿರ. ಎರಡು ಕವೆಗಳ ನಡುವೆ ಬಿಗಿಯಾಗಿ ದಾರ ಕಟ್ಟಿ ಅಳೆದರೆ ತಿಳಿಯುತ್ತದೆ. ಎಲ್ಲಿ ಹೆಚ್ಚು ಜಗ್ಗಿದೆಯೋ ಅಲ್ಲೇ ಮುರಿಯುತ್ತದೆ ಎಂದು ಕಣ್ಣಳತೆಯಿಂದ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

ಕಚ್ಚಿನ ಗತಿ ಏನು?

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಕಚ್ಚು ಇರುವುದು ಎಡಗವೆಯಿಂದ 3 ಮೀಟರ್ ದೂರದಲ್ಲಿ. ತಕ್ಕಡಿ 1 ಮೀಟರಿನಲ್ಲಿದ್ದಾಗ ಅಲ್ಲಿನ ಮೊಮೆಂಟ್ 15.

ತಕ್ಕಡಿಯನ್ನು ನಡುವಿಗೆ ಸರಿಸಿ. ಕವೆಗಳಿಗೆ 30, 30. ತ್ರಿಭುಜದ ಶಿಖರ 30 ಗುಣಿಸು 2, ಅಂದರೆ 60. ಕಚ್ಚಿನ ಜಾಗದಲ್ಲಿ 30. ತಕ್ಕಡಿಯನ್ನು ಕಚ್ಚಿನ ಮೇಲೆಯೇ ಕಟ್ಟಿದರೆ ಬಲಗವೆಗೆ 45, ಕಚ್ಚಿನಲ್ಲಿ 45. ಭಾರ ಬದಲಾಗಲೇ ಇಲ್ಲ, ಅದೇ 60 ಕಿಲೋ. ಗಂಟು ಸರಿದ ಮಾತ್ರಕ್ಕೆ ಕಚ್ಚಿನ ಮೇಲಿನ ಒತ್ತಾಯ ಮೂರು ಪಟ್ಟಾಯಿತು.

ನಡುವೆ ಕಟ್ಟುವುದು ಏಕೆ ಕ್ಷೇಮವಲ್ಲ ಎಂಬುದು ಈಗ ಸ್ಪಷ್ಟವಾಯಿತಲ್ಲವೇ? ಕಚ್ಚಿಲ್ಲದ ಗಳದಲ್ಲೂ ನಡುವಿನ ಭಾರವೇ ಅತಿ ದೊಡ್ಡ ಮೊಮೆಂಟನ್ನು ಹುಟ್ಟಿಸುತ್ತದೆ. ಇಟಲಿಯ ಗೆಲಿಲಿಯೊ ಇದನ್ನು 1638ರಲ್ಲಿ ಅಚ್ಚಾದ ತನ್ನ ಎರಡು ಹೊಸ ವಿಜ್ಞಾನಗಳ ಪುಸ್ತಕದಲ್ಲಿ ಚರ್ಚಿಸಿದ್ದಾನೆ. ದೂರದರ್ಶಕದಿಂದ ಗುರುಗ್ರಹದ ಚಂದ್ರರನ್ನು ಕಂಡ ಗೆಲಿಲಿಯೊನೇ ಇವನು. ಕೋಲು ಹೇಗೆ ಮುರಿಯುತ್ತದೆ ಎಂದೂ ಅಷ್ಟೇ ಶ್ರದ್ಧೆಯಿಂದ ಯೋಚಿಸಿದ. ಭಾರವು ಕೋಲನ್ನು ಎರಡು ಭಾಗ ಮಾಡುತ್ತದೆ, ಆ ಎರಡು ಭಾಗಗಳ ಉದ್ದಗಳನ್ನು ಗುಣಿಸಿ. ಗುಣಲಬ್ಧ ದೊಡ್ಡದಾದಷ್ಟೂ ಅಲ್ಲಿ ಕೋಲನ್ನು ಮುರಿಯಲು ಬೇಕಾದ ಭಾರ ಕಡಿಮೆ ಎಂಬುದು ಅವನ ನಿಯಮದ ತಾತ್ಪರ್ಯ. ನಮ್ಮ ಗಳದಲ್ಲಿ 1 ಗುಣಿಸು 3 ಅಂದರೆ 3. 2 ಗುಣಿಸು 2 ಅಂದರೆ 4. ನಮ್ಮ ತ್ರಿಭುಜಗಳ ಶಿಖರಗಳು 45 ಮತ್ತು 60. ಅದೂ 3ಕ್ಕೆ 4ರ ಪ್ರಮಾಣವೇ!

ಹಾಗಾದರೆ ತಕ್ಕಡಿಯನ್ನು ಎಡಗವೆಗೆ ತಾಗಿಸಿಯೇ ಕಟ್ಟಿಬಿಡೋಣವೇ? ಅರ್ಧ ಮೀಟರಿಗೆ ಸರಿಸಿ ನೋಡಿ. ಬಲಗವೆಗೆ 7.5, ಎಡಗವೆಗೆ 52.5. ಕಚ್ಚಿನಲ್ಲಿ ಮೊಮೆಂಟ್ 7.5 ಮಾತ್ರ, ಶಿಖರವೂ 26.25ಕ್ಕೆ ಇಳಿಯಿತು. ಬಾಗುವುದರ ಮಟ್ಟಿಗೆ ಲಾಭವೇ. ಆದರೆ ಮೊದಲನೆಯ ಚಿತ್ರವನ್ನು ನೋಡುವುದನ್ನು ಮರೆಯಬೇಡಿ. ಗಂಟು ಮತ್ತು ಎಡಗವೆಯ ನಡುವಿನ ಶಿಯರ್ ಬಲ 45ರಿಂದ 52.5ಕ್ಕೆ ಏರಿದೆ. ಇನ್ನೂ ಸರಿಸಿದರೆ 60ರ ಹತ್ತಿರಕ್ಕೆ ಹೋಗುತ್ತದೆ.

ಮರಕ್ಕೂ ಬಿದಿರಿಗೂ ಶಿಯರ್ ಒಂದು ವಿಚಿತ್ರ ರೀತಿಯಲ್ಲಿ ತೊಂದರೆ ಕೊಡುತ್ತದೆ. ನಿಮ್ಮ ನೋಟ್ ಪುಸ್ತಕವನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡಲಾಗಿ ಇಟ್ಟು ನಡುವೆ ಬೆರಳಿನಿಂದ ಒತ್ತಿ. ಹೊಲಿಗೆಯಿಲ್ಲದ ಅಂಚಿನ ಕಡೆ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರಿ, ನೆಟ್ಟಗಿದ್ದ ಅಂಚು ಓರೆಯಾಗಿದೆ. ಗಳದ ನಾರಿನ ಪದರಗಳೂ ಹೀಗೆಯೇ ಜಾರಲು ನೋಡುತ್ತವೆ. ಅವು ಅಂಟಿಕೊಂಡಿರುವುದರಿಂದ ಜಾರುವುದಿಲ್ಲ. ಆದರೆ ನಾರಿಗೂ ನಾರಿಗೂ ನಡುವಿನ ಅಂಟು, ನಾರಿನಷ್ಟು ಗಟ್ಟಿಯಲ್ಲ. ಶಿಯರ್ ಬಲ ಮಿತಿ ಮೀರಿದರೆ ಗಳ ಅಡ್ಡಕ್ಕೆ ತುಂಡಾಗುವ ಬದಲು ಉದ್ದಕ್ಕೆ ಸೀಳುತ್ತದೆ. ಮುರಿದ ಗಳವನ್ನು ನೋಡಿ ಕಾರಣ ಹೇಳಲು ಇದೇ ಗುರುತು: ಕೆಳಬದಿಯ ನಾರುಗಳು ಕಿತ್ತು, ಅಡ್ಡಲಾಗಿ ಬಾಯಿ ಬಿಟ್ಟಿದ್ದರೆ ಮೊಮೆಂಟಿನ ಕೆಲಸ, ನಡು ದಪ್ಪದಲ್ಲಿ ಉದ್ದನೆಯ ಸೀಳು ತುದಿಯವರೆಗೆ ಓಡಿದ್ದರೆ ಶಿಯರಿನ ಕೆಲಸ. ಬಿದಿರಿನ ಗಳ ಕವೆಯಲ್ಲಿ ಕುಳಿತ ಜಾಗದಲ್ಲೇ ಜಜ್ಜಿಹೋಗುವುದೂ ಉಂಟು, ಏಕೆಂದರೆ ಅದರ ಒಳಗೆ ಟೊಳ್ಳು.

ಎಡಗವೆಯ ಗೂಟದ ಕಥೆ ಬೇರೆ. 52.5 ಕಿಲೋ ಹೊತ್ತ ಗೂಟ ಸಡಿಲ ಮಣ್ಣಿನಲ್ಲಿದ್ದರೆ ಓರೆಯಾದೀತು. ಆದ್ದರಿಂದ ಅರ್ಧದಿಂದ ಒಂದು ಮೀಟರಿನ ಒಳಗೆ ಎಲ್ಲಾದರೂ ಕಟ್ಟಿ, ಆ ಗೂಟವನ್ನು ಆಳವಾಗಿ ನೆಟ್ಟು, ಗಳದ ಎಡಭಾಗದಲ್ಲಿ ಉದ್ದ ಸೀಳಿಲ್ಲವೆಂದು ನೋಡಿಕೊಳ್ಳುವುದು ಸರಿ. ಗಳವನ್ನು ಉರುಳಿಸಿ ಕಚ್ಚನ್ನು ಮೇಲ್ಬದಿಗೆ ತಂದರೂ ಅನುಕೂಲವೇ. ಆಗ ಕಚ್ಚಿನ ಬಾಯಿ ತೆರೆಯುವ ಬದಲು ಮುಚ್ಚಿಕೊಳ್ಳುತ್ತದೆ. ಏನೇ ಇದ್ದರೂ ಗಳದ ಕೆಳಗೆ ಕಾಲು ಚಾಚಿ ಕೂರುವುದು ಬೇಡ. ಚೀಲವನ್ನು ಮೆಲ್ಲಗೆ ತಟ್ಟೆಗಿಡದೆ ಧೊಪ್ಪೆಂದು ಹಾಕಿದರೆ ಆ ಕ್ಷಣಕ್ಕೆ ಗಳದ ಮೇಲೆ ಬೀಳುವ ಬಲ 60 ಕಿಲೋಗಿಂತ ಬಹಳ ಹೆಚ್ಚು. ನಮ್ಮ ಎರಡೂ ಚಿತ್ರಗಳು ಅಲುಗಾಡದ ಭಾರಕ್ಕೆ ಬರೆದವು.

ಮಾಳಿಗೆ ಮನೆಯ ತೊಲೆಗೆ ತೊಟ್ಟಿಲು ಕಟ್ಟಿದಾಗಲೂ ಇದೇ ತ್ರಿಭುಜ ಬರುತ್ತದೆಯೇ ಎಂದು ನೀವು ಕೇಳಬಹುದು. ತೊಟ್ಟಿಲಿನ ಪಾಲಿಗೆ ಸುಮಾರಾಗಿ ಹೌದು. ಆದರೆ ತೊಲೆಯ ಮೇಲೆ ಮಾಳಿಗೆಯ ಮಣ್ಣಿನ ಭಾರ ಉದ್ದಕ್ಕೂ ಹರಡಿರುತ್ತದೆ, ಅದರ ಚಿತ್ರ ತ್ರಿಭುಜವಲ್ಲ, ಕಮಾನಿನಂಥ ವಕ್ರರೇಖೆ. ತೊಲೆಯ ತುದಿಗಳು ಗೋಡೆಯೊಳಗೆ ಹುದುಗಿ ಬಿಗಿಯಾಗಿದ್ದರೆ ಅದು ಸರಳ ಆಸರೆಯೂ ಅಲ್ಲ. ನಡುವೆ ಒಂದು ಕಂಬ ಊರುಗೊಟ್ಟರಂತೂ ಆಸರೆಗಳು ಮೂರಾಗಿ, ನಮ್ಮ ಏರಿಳಿ ಹಲಗೆಯ ಲೆಕ್ಕದಿಂದ ಉತ್ತರ ಸಿಗುವುದೇ ಇಲ್ಲ. ಅದಕ್ಕೆ ತೊಲೆ ಎಷ್ಟು ಬಾಗುತ್ತದೆ ಎಂಬ ಲೆಕ್ಕವೂ ಬೇಕು.

ಈಗ ನಿಮ್ಮ ಪಾಲಿಗೆ ಒಂದು ಲೆಕ್ಕ. ಬಾವಿಯ ಮೇಲೆ ಅಡ್ಡಲಾಗಿ ಒಂದು ಮರದ ತೊಲೆ, ಆಸರೆಗಳ ನಡುವೆ 2 ಮೀಟರ್. ಒಂದು ಆಸರೆಯಿಂದ ಅರ್ಧ ಮೀಟರಿನಲ್ಲಿ ರಾಟೆ ಕಟ್ಟಿದೆ. ನೀರು ತುಂಬಿದ ಕೊಡ 12 ಕಿಲೋ. ಹಗ್ಗವನ್ನು ನೇರ ಕೆಳಕ್ಕೆ ಎಳೆದು, ಕೊಡವನ್ನು ಸಮವೇಗದಿಂದ ಮೇಲೆತ್ತುತ್ತೀರಿ. ಎರಡೂ ಚಿತ್ರ ಬರೆಯಿರಿ. ಬರೆಯುವ ಮುನ್ನ ತೊಲೆಯ ಮೇಲಿನ ಭಾರ ಎಷ್ಟೆಂದು ಯೋಚಿಸಿ. ಶೇಂಗಾ ತಕ್ಕಡಿಯಲ್ಲಿ ಎರಡು ತಟ್ಟೆಗಳಿದ್ದ ಹಾಗೆ ಇಲ್ಲಿ ರಾಟೆಯ ಎರಡು ಕಡೆಗೂ ಹಗ್ಗವಿದೆ. ಒಂದು ಕಡೆ ಕೊಡ, ಇನ್ನೊಂದು ಕಡೆ ನಿಮ್ಮ ಎಳೆತ. ಹಗ್ಗ, ರಾಟೆಗಳ ತೂಕವನ್ನೂ ರಾಟೆಯ ತಿಕ್ಕಾಟವನ್ನೂ ಬಿಟ್ಟರೆ ಭಾರ 24 ಕಿಲೋ. ಆಸರೆಗಳಿಗೆ 18 ಮತ್ತು 6, ಶಿಖರ 9 ಕಿಲೋ-ಮೀಟರ್ ಬಂದಿದ್ದರೆ ನಿಮ್ಮ ಚಿತ್ರ ಸರಿ. 4.5 ಬಂದಿದ್ದರೆ ನಿಮ್ಮ ಕೈಯನ್ನೇ ಲೆಕ್ಕಕ್ಕೆ ಸೇರಿಸಿಲ್ಲ.